ಅಂಜನಾದ್ರಿಯ ಒಂದು ಸಂಜೆ, 720 ಫೋಟೋ: ಫ್ರೇಮ್ ರೇಟ್ ಎಷ್ಟಿರಲಿ, ಫ್ಲಿಕರ್ ಯಾವುದರಿಂದ ತೆಗೆಯಲಿ?

ಬಿಡಿ ಫೋಟೋಗಳನ್ನು ಜೋಡಿಸಿ ಟೈಮ್‌ಲ್ಯಾಪ್ಸ್ ಮಾಡುವಾಗ ಎದುರಾಗುವ ಆಯ್ಕೆಗಳು ಎರಡು ಬಗೆಯವು. ಕೆಲವನ್ನು ಕಂಪ್ಯೂಟರ್ ಮುಂದೆ ಕೂತು ಹತ್ತು ಸಲ ಬದಲಿಸಬಹುದು. ಇನ್ನು ಕೆಲವನ್ನು ಬೆಟ್ಟ ಇಳಿದ ಮೇಲೆ ಬದಲಿಸಲು ಬರುವುದಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಓಡಬೇಕೆಂಬ ಫ್ರೇಮ್ ರೇಟ್ ಮೊದಲನೆಯ ಬಗೆಯದು, ಆದರೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಅದರ ಬಗ್ಗೆಯೇ. ಎರಡು ಫೋಟೋಗಳ ನಡುವಿನ ಅಂತರ ಮತ್ತು ಎಕ್ಸ್‌ಪೋಶರ್ ಹಿಡಿಯುವ ವಿಧಾನ ಎರಡನೆಯ ಬಗೆಯವು. ಚಿತ್ರದಿಂದ ಚಿತ್ರಕ್ಕೆ ಹೊಳಪು ಏರುಪೇರಾಗಿ ವಿಡಿಯೊ ಮಿನುಗುವ ಫ್ಲಿಕರ್ ಸುಲಭವಾಗಿ ಹೋಗುತ್ತದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಎಲ್ಲವನ್ನೂ ಒಂದೇ ಉದಾಹರಣೆಯಲ್ಲಿ ನೋಡೋಣ. ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟದ ಮೇಲಿನಿಂದ ಪಡುವಣಕ್ಕೆ ಮುಖ ಮಾಡಿ, ಸೂರ್ಯ ಮುಳುಗುವ ಅರ್ಧ ತಾಸು ಮುಂಚೆಯಿಂದ ಮುಳುಗಿದ ಅರ್ಧ ತಾಸಿನವರೆಗೆ, ಐದು ಸೆಕೆಂಡಿಗೊಂದು ಫೋಟೋ. ಒಟ್ಟು 720 ಚಿತ್ರ. ಸುಮಾರು 575 ಮೆಟ್ಟಿಲು ಹತ್ತಬೇಕಾದ್ದರಿಂದ ಹಗುರ ಟ್ರೈಪಾಡ್ ಒಯ್ಯುವ ಆಸೆಯಾಗುತ್ತದೆ. ನೆತ್ತಿಯ ಗಾಳಿಗೆ ಅದು ನಡುಗುತ್ತದೆ. ಕ್ಯಾಮೆರಾ ಬ್ಯಾಗನ್ನೇ ಟ್ರೈಪಾಡ್‌ನ ನಡುಗಂಬಕ್ಕೆ, ತಳ ನೆಲಕ್ಕೆ ತಾಗುವಂತೆ ತೂಗುಹಾಕಿ. ಗಾಳಿಗೆ ಜೋಲಿ ಹೊಡೆಯುವ ಹಾಗೆ ಕಟ್ಟಿದರೆ ನಡುಕ ಇನ್ನೂ ಹೆಚ್ಚುತ್ತದೆ. ಕತ್ತಲಾದ ಮೇಲೆ ಮೇಲೆ ಇರಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲವೆಂದರೆ ಸಾಣಾಪುರ ಕೆರೆಯ ದಂಡೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ.

ಅಂತರ ಮೊದಲು, ಫ್ರೇಮ್ ರೇಟ್ ಆಮೇಲೆ

ಐದು ಸೆಕೆಂಡಿನ ಅಂತರ ಮಧ್ಯಮ ವೇಗದ ಮೋಡಕ್ಕೆ ಸರಿಹೊಂದುತ್ತದೆ. ಆಷಾಢದ ಗಾಳಿಗೆ ಓಡುವ ಮೋಡಕ್ಕೆ ಅದು ಹೆಚ್ಚಾಯಿತು, ಎರಡು ಮೂರು ಸೆಕೆಂಡು ಬೇಕು. ಚಳಿಗಾಲದ ತೆಳು ಮೋಡ ಕದಲುವುದೇ ಕಷ್ಟ, ಅದಕ್ಕೆ ಎಂಟು ಹತ್ತು ಸೆಕೆಂಡಿಗೊಂದು ಸಾಕು. ಅಂತರ ದೊಡ್ಡದಾಗಿ ಮೋಡ ಕುಪ್ಪಳಿಸಿದಂತೆ ಕಂಡರೆ ಅದನ್ನು ಯಾವ ಫ್ರೇಮ್ ರೇಟೂ ನಯಗೊಳಿಸುವುದಿಲ್ಲ, ನಡುವಿನ ಚಿತ್ರಗಳನ್ನು ತೆಗೆದೇ ಇರುವುದಿಲ್ಲವಲ್ಲ. ಅಂತರ ಸಣ್ಣದಾಗಿದ್ದರೆ ಮಾತ್ರ ಉಪಾಯವುಂಟು: ಒಂದು ಬಿಟ್ಟು ಒಂದು ಚಿತ್ರ ಹಾಕಿದರೆ ವೇಗ ಇಮ್ಮಡಿಯಾಗುತ್ತದೆ. ಆದ್ದರಿಂದ ಅನುಮಾನ ಬಂದಾಗ ಸಣ್ಣ ಅಂತರವನ್ನೇ ಆರಿಸಿ. ಅದಕ್ಕೆ ಬೀಳುವ ಖರ್ಚು ಕಾರ್ಡಿನ ಜಾಗ ಮತ್ತು ಬ್ಯಾಟರಿ ಮಾತ್ರ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ 25ರಿಂದ 30 ಎಂಬಿ ಆಗುತ್ತದೆ ಎಂದಿಟ್ಟುಕೊಂಡರೆ 720 ಚಿತ್ರಕ್ಕೆ 20 ಜಿಬಿ ಆಸುಪಾಸು ಬೇಕು.

ಇನ್ನು ಫ್ರೇಮ್ ರೇಟ್. 720 ಚಿತ್ರಗಳು 24ರಲ್ಲಿ 30 ಸೆಕೆಂಡು, 25ರಲ್ಲಿ 28.8 ಸೆಕೆಂಡು, 30ರಲ್ಲಿ 24 ಸೆಕೆಂಡು ಓಡುತ್ತವೆ. ಮೋಡದ ಚಲನೆಯಲ್ಲಿ 24ಕ್ಕೂ 25ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಡಿಯೊ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ ಆರಿಸುವುದೇ ಸರಿ. ಮದುವೆ ವಿಡಿಯೊ ಅಥವಾ ಸ್ಥಳೀಯ ಕೇಬಲ್ ಚಾನೆಲ್‌ನ ಕಾರ್ಯಕ್ರಮದಲ್ಲಿ ಸೇರಿಸುವುದಾದರೆ 25. ನಮ್ಮಲ್ಲಿ ಆ ಕೆಲಸ 25ರಲ್ಲೇ ನಡೆಯುತ್ತದೆ, ಬೇರೆ ರೇಟಿನ ತುಣುಕು ಸೇರಿಸಿದರೆ ಎಡಿಟಿಂಗ್ ಸಾಫ್ಟ್‌ವೇರ್ ಫ್ರೇಮ್‌ಗಳನ್ನು ಬಿಡುತ್ತದೆ ಇಲ್ಲವೇ ಎರಡೆರಡು ಸಲ ತೋರಿಸುತ್ತದೆ. ಮೊಬೈಲಿನಲ್ಲಿ ನೋಡುವವರಿಗಷ್ಟೇ ಆದರೆ 30 ಒಳ್ಳೆಯದು. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯ ಮೇಲೆ 30 ಫ್ರೇಮ್ ಸರಿಯಾಗಿ ಎರಡೆರಡು ಸಲ ಕೂರುತ್ತದೆ. 24 ಮತ್ತು 25 ಹಾಗೆ ಸಮನಾಗಿ ಕೂರುವುದಿಲ್ಲ, ನಿಧಾನವಾಗಿ ಸರಿಯುವ ಗುಡ್ಡದ ನೆರಳಿನ ಅಂಚಿನಲ್ಲಿ ಸಣ್ಣ ತಡವರಿಕೆ ಕಾಣುತ್ತದೆ. ಚಿತ್ರಗಳು ಕಡಿಮೆ ಇದ್ದು ಸೆಕೆಂಡು ಹೆಚ್ಚು ಬೇಕಾದಾಗ 24 ಆರಿಸಿ.

ಇದಕ್ಕಿಂತ ಕೆಳಗೆ ಇಳಿಯಬಾರದೆಂದೇನೂ ಇಲ್ಲ. ಸಿಂಧನೂರಿನ ಒಂದು ಗದ್ದೆಯಲ್ಲಿ ನಾಟಿಯಿಂದ ಕೊಯ್ಲಿನವರೆಗೆ ದಿನಕ್ಕೊಂದು ಫೋಟೋ ತೆಗೆದರೆ ಸಿಗುವುದು ನೂರಿಪ್ಪತ್ತು ಚಿಲ್ಲರೆ ಚಿತ್ರ. 25ರಲ್ಲಿ ಅದು ಐದು ಸೆಕೆಂಡಿಗೆ ಮುಗಿದುಹೋಗುತ್ತದೆ, 12ರಲ್ಲಿ ಪೈರು ಬೆಳೆಯುವುದು ಕಾಣುತ್ತದೆ.

ಫ್ರೇಮ್ ರೇಟಿನ ವಿಷಯದಲ್ಲಿ ನಿಜವಾದ ಎಡವಟ್ಟು ಆಗುವುದು ಆಯ್ಕೆಯಲ್ಲಿ ಅಲ್ಲ, ಕಮಾಂಡ್ ಬರೆಯುವಲ್ಲಿ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಿ ಸರಿಯಾದ ರೂಪ ಇದು:

```
ffmpeg -framerate 30 -start_number 451 -i DSC_%04d.JPG -vf "scale=1920:-2,crop=1920:1080" -c:v libx264 -crf 18 -pix_fmt yuv420p sanje.mp4
```

ಇಲ್ಲಿ 451 ಎಂಬುದು ಸರಣಿಯ ಮೊದಲ ಫೋಟೋದ ಸಂಖ್ಯೆ. `-framerate` ಎಂಬುದು `-i`ಗಿಂತ ಮುಂಚೆ ಬರಬೇಕು. ಅದನ್ನು ಬಿಟ್ಟು ಕೊನೆಯಲ್ಲಿ `-r 30` ಎಂದು ಬರೆದರೆ, ಸಾಫ್ಟ್‌ವೇರ್ ಫೋಟೋಗಳನ್ನು ತನ್ನ ರೂಢಿಯಂತೆ 25ರಲ್ಲೇ ಓದಿ, 30 ತುಂಬಿಸಲು ಸೆಕೆಂಡಿಗೆ ಐದು ಚಿತ್ರಗಳನ್ನು ಎರಡೆರಡು ಸಲ ಹಾಕುತ್ತದೆ. ಮೋಡ ಸೆಕೆಂಡಿಗೆ ಐದು ಸಲ ತಡೆದು ತಡೆದು ಹೋಗುತ್ತದೆ. ಇದನ್ನು ಫ್ಲಿಕರ್ ಎಂದುಕೊಂಡು ಫ್ಲಿಕರ್ ತೆಗೆಯಲು ಹೊರಡುವವರು ಬಹಳ. ವಿಡಿಯೊದ ಒಟ್ಟು ಅವಧಿ ನೋಡಿದರೆ ಸಾಕು: 720 ಚಿತ್ರಕ್ಕೆ 24 ಸೆಕೆಂಡು ಬರಬೇಕಾದಲ್ಲಿ 28.8 ಬಂದಿದ್ದರೆ ತಪ್ಪು ಇಲ್ಲಿದೆ ಎಂದರ್ಥ.

ಚೆನ್ನಾಗಿ ಬಂದಿಲ್ಲವೆಂದು ನಡುವಿನ ಫೋಟೋಗಳನ್ನು ಅಳಿಸಬೇಡಿ. ಈ ಕಮಾಂಡ್ ಅಂಕಿ ತಪ್ಪಿದ ಜಾಗದಲ್ಲೇ ನಿಂತುಬಿಡುತ್ತದೆ. ಕ್ಯಾಮೆರಾದ ಎಣಿಕೆ 9999 ದಾಟಿ 0001ಕ್ಕೆ ತಿರುಗಿದರೂ ಹಾಗೆಯೇ, ಆಗ ಎಲ್ಲವಕ್ಕೂ ಹೊಸದಾಗಿ ಕ್ರಮಸಂಖ್ಯೆ ಕೊಡಬೇಕು.

ಎಕ್ಸ್‌ಪೋಶರ್ ಹಿಡಿಯಲು ಮೂರು ದಾರಿ

ಸೂರ್ಯ ಮುಳುಗಿದ ಮೇಲೆ ನಮ್ಮ ಅಕ್ಷಾಂಶದಲ್ಲಿ ಸಂಜೆಗತ್ತಲ ಮೊದಲ ಹಂತ ಸುಮಾರು 22 ನಿಮಿಷಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಬೆಳಕು ಹತ್ತಿರಹತ್ತಿರ ಏಳು ಸ್ಟಾಪ್ ಇಳಿದಿರುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು, ಏಳು ಸಲ ಅರ್ಧವಾದರೆ ಉಳಿಯುವುದು 128ರಲ್ಲಿ ಒಂದು ಪಾಲು. ಅಂದರೆ ಮೂರು ನಿಮಿಷಕ್ಕೆ ಒಂದು ಸ್ಟಾಪ್, ನಿಮಿಷಕ್ಕೆ ಮೂರನೇ ಒಂದು ಸ್ಟಾಪ್. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ದಾರಿ, ಎಲ್ಲವನ್ನೂ ಮ್ಯಾನುಯಲ್‌ನಲ್ಲಿ ಇಟ್ಟು ಮುಟ್ಟದೆ ಬಿಡುವುದು. ಶಟರ್, ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವೂ ಸ್ಥಿರ. ಮಧ್ಯಾಹ್ನದ ಮೋಡಕ್ಕೆ, ರಾಯಚೂರಿನ ಶಕ್ತಿನಗರದ ಚಿಮಣಿ ಹೊಗೆಗೆ, ಬಳ್ಳಾರಿ ಕೋಟೆಯ ಗೋಡೆ ಮೇಲೆ ಸರಿಯುವ ನೆರಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಸೂರ್ಯಾಸ್ತಕ್ಕೆ ಸಾಲದು. ರಾ ಫೈಲ್‌ನಿಂದ ಎರಡು ಮೂರು ಸ್ಟಾಪ್ ಎತ್ತಿಕೊಳ್ಳಬಹುದು, ಏಳು ಬರುವುದಿಲ್ಲ. ಕೊನೆಯ ಕಾಲು ತಾಸು ಕಾಳುಕಾಳಾದ ಕತ್ತಲೆಯಾಗುತ್ತದೆ.

ಎರಡನೆಯದು, ಅಪರ್ಚರ್ ಪ್ರಯಾರಿಟಿ. ಕ್ಯಾಮೆರಾ ತಾನೇ ಶಟರ್ ಬದಲಿಸುತ್ತ ಹೋಗುತ್ತದೆ. ಬಹಳಷ್ಟು ಕ್ಯಾಮೆರಾಗಳು ಮೂರನೇ ಒಂದು ಸ್ಟಾಪ್‌ನ ಮೆಟ್ಟಿಲಲ್ಲಿ ಬದಲಿಸುತ್ತವೆ. ನಿಮಿಷಕ್ಕೊಂದು ಮೆಟ್ಟಿಲು ಎಂದರೆ ಐದು ಸೆಕೆಂಡಿನ ಅಂತರದಲ್ಲಿ 12ರಿಂದ 13 ಚಿತ್ರಕ್ಕೊಂದು. ಈ 12 ಚಿತ್ರಗಳಲ್ಲಿ ಆಕಾಶ ಮೆಲ್ಲಗೆ ಕಪ್ಪಾಗುತ್ತ ಬಂದು ಹದಿಮೂರನೆಯದಕ್ಕೆ ಥಟ್ಟನೆ ಬೆಳ್ಳಗಾಗುತ್ತದೆ. 25ರಲ್ಲಿ ಓಡಿಸಿದಾಗ ಇದು ಸೆಕೆಂಡಿಗೆ ಎರಡು ಸಲದ ಮಿಡಿತ. ಕಣ್ಣಿಗೆ ತಪ್ಪುವ ಮಾತೇ ಇಲ್ಲ. ಇದರ ಮೇಲೆ, ಸೂರ್ಯ ಮೋಡದ ಅಂಚಿಗೆ ಬಂದು ಹೋದಾಗಲೆಲ್ಲ ಮೀಟರ್ ಹಿಂದೆ ಮುಂದೆ ಹೊಯ್ದಾಡುವುದೂ ಸೇರುತ್ತದೆ. ಆದರೂ ಈ ದಾರಿಯನ್ನು ತಳ್ಳಿಹಾಕಬೇಕಿಲ್ಲ. ಮಿಡಿತ ನಿಯಮಿತವಾಗಿದ್ದರೆ ಆಮೇಲೆ ತೆಗೆಯಲು ಬರುತ್ತದೆ, ಬೆಟ್ಟದ ಮೇಲೆ ಕ್ಯಾಮೆರಾ ಮುಟ್ಟುವ ಕೆಲಸವೂ ಇಲ್ಲ.

ಮೂರನೆಯದು, ಮ್ಯಾನುಯಲ್‌ನಲ್ಲೇ ಇದ್ದು ಶಟರನ್ನು ನೀವೇ ಇಳಿಸುತ್ತ ಹೋಗುವುದು. ಸೂರ್ಯ ಮುಳುಗುವಾಗ 1/125 ಇದ್ದರೆ ನಿಮಿಷಕ್ಕೆ ಒಂದು ಕ್ಲಿಕ್‌ನಂತೆ 21 ಕ್ಲಿಕ್, ಕೊನೆಗೆ 1 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಆಮೇಲೆ ಶಟರ್ 3 ಸೆಕೆಂಡು ಮೀರಬಾರದು. ಐದರ ಅಂತರದಲ್ಲಿ ಕಾರ್ಡಿಗೆ ಬರೆಯಲು ಸ್ವಲ್ಪ ಸಮಯ ಉಳಿಯಲೇಬೇಕು, ಇಲ್ಲದಿದ್ದರೆ ಒಂದು ಫೋಟೋ ತಪ್ಪಿ ಮೋಡ ಅಲ್ಲೊಮ್ಮೆ ಹಾರುತ್ತದೆ. ಅಲ್ಲಿಂದ ಮುಂದೆ ಐಎಸ್‌ಒ ಏರಿಸಿ. ಡಯಲ್ ತಿರುಗಿಸುವಾಗ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಕೆಳಗಿನ ಬಂಡೆಗಳು ವಿಡಿಯೊದಲ್ಲಿ ಜಿಗಿಯುತ್ತವೆ. ಆದ್ದರಿಂದ ಕೇಬಲ್ ಅಥವಾ ಮೊಬೈಲ್ ಆ್ಯಪ್‌ನಿಂದ ಬದಲಿಸುವುದು ಕ್ಷೇಮ. ಕತ್ತಲಾಗುತ್ತದೆಂದು ಮುಂಚಿತವಾಗಿ ಬದಲಿಸಬೇಡಿ. ಹಿಸ್ಟೋಗ್ರಾಮ್ ಎಡಕ್ಕೆ ಸರಿದದ್ದು ಕಂಡ ಮೇಲೆ ಬದಲಿಸಿ, ಪಡುವಣದ ಹೊಳಪು ಬೆಳ್ಳಗೆ ಸುಟ್ಟುಹೋದರೆ ಅದು ಮರಳಿ ಬಾರದು.

ಈ ಮೂರನೆಯ ದಾರಿಯೇ ಸೂರ್ಯಾಸ್ತಕ್ಕೆ ಉತ್ತಮ ಎಂಬುದು ನಮ್ಮ ಅಭಿಪ್ರಾಯ. ಪ್ರತಿ ಮೆಟ್ಟಿಲು ಎಷ್ಟು, ಯಾವ ಫೋಟೋದಲ್ಲಿ ಎಂಬುದು ಫೈಲ್‌ನಲ್ಲೇ ದಾಖಲಾಗಿರುತ್ತದೆ. ಅದನ್ನು ಓದಿ ಸರಿಪಡಿಸುವ ಸಾಫ್ಟ್‌ವೇರ್‌ಗೆ ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಫ್ಲಿಕರ್ ಯಾವ ಬಗೆಯದು ಎಂದು ಮೊದಲು ತಿಳಿಯಿರಿ

ಮ್ಯಾನುಯಲ್‌ನಲ್ಲಿ ತೆಗೆದರೂ ಫ್ಲಿಕರ್ ಬರುವುದುಂಟು. ಡಿಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸ್ ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತದೆ, ಕ್ಲಿಕ್ ಮಾಡಿದಾಗಷ್ಟೇ ಅದರ ಎಲೆಗಳು f/8ಕ್ಕೆ ಮುಚ್ಚಿ ಮತ್ತೆ ತೆರೆಯುತ್ತವೆ. ಪ್ರತಿ ಸಲ ಅದೇ ಅಳತೆಗೆ ಮುಚ್ಚುವುದಿಲ್ಲ, ಎಳ್ಳಷ್ಟು ಹೆಚ್ಚುಕಡಿಮೆ ಆಗುತ್ತದೆ. ಒಂದೇ ಫೋಟೋದಲ್ಲಿ ಇದು ಯಾರಿಗೂ ಕಾಣದು, 25 ಸಾಲಾಗಿ ಓಡಿದಾಗ ಚಿಟಿಚಿಟಿ ಮಿನುಗುತ್ತದೆ. ಲೆನ್ಸನ್ನು ಪೂರ್ತಿ ತೆರೆದಿಟ್ಟು ತೆಗೆದರೆ ಎಲೆಗಳು ಕದಲುವುದೇ ಇಲ್ಲ, ಮಿನುಗೂ ಇಲ್ಲ. ಬೆಳಕು ಹೆಚ್ಚಾದರೆ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಕೆನಾನ್ ಡಿಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ಉಪಾಯವಿದೆ: f/8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಗುಂಡಿ ಒತ್ತಿ ಹಿಡಿದು, ಲೆನ್ಸನ್ನು ಬೀಗ ಬಿಡುವಷ್ಟು ಮಾತ್ರ ತಿರುಗಿಸಿದರೆ ಎಲೆಗಳು ಅಲ್ಲೇ ನಿಲ್ಲುತ್ತವೆ. ಆಗ ಲೆನ್ಸ್ ಪೂರ್ತಿ ಬಿಗಿಯಾಗಿ ಕೂತಿರುವುದಿಲ್ಲ, ಕ್ಯಾಮೆರಾವನ್ನು ಮುಂದಕ್ಕೆ ಬಾಗಿಸಿದ್ದರೆ ಬೀಳುವ ಭಯವಿದೆ. ನಿಕಾನ್‌ನ ಜಿ ಲೆನ್ಸ್‌ಗಳಲ್ಲಿ ಇದನ್ನು ಮಾಡಬೇಡಿ, ಬಿಡಿಸಿದ ಕೂಡಲೇ ಅವು ಅತಿ ಸಣ್ಣ ರಂಧ್ರಕ್ಕೆ ಮುಚ್ಚಿಕೊಳ್ಳುತ್ತವೆ. ಸಾಮಾನ್ಯ ಮೊಬೈಲ್‌ಗಳಲ್ಲಿ ಅಪರ್ಚರ್ ಕದಲುವುದಿಲ್ಲವಾದ್ದರಿಂದ ಈ ತೊಂದರೆ ಇಲ್ಲ. ಅಲ್ಲಿ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡುವುದು ಮುಖ್ಯ.

ನಿಮ್ಮ ಸರಣಿಯಲ್ಲಿರುವುದು ಯಾವುದು ಎಂದು ಕಣ್ಣಿನಿಂದ ಊಹಿಸುವ ಬದಲು ಪ್ರತಿ ಚಿತ್ರದ ಸರಾಸರಿ ಹೊಳಪನ್ನು ಬರೆಸಿಕೊಂಡು ನೋಡಿ:

```
ffmpeg -start_number 451 -i DSC_%04d.JPG -vf "scale=640:-2,signalstats,metadata=print:key=lavfi.signalstats.YAVG:file=yavg.txt" -f null -
```

`yavg.txt` ಫೈಲ್‌ನಲ್ಲಿ ಸಾಲು ಬಿಟ್ಟು ಸಾಲು ಒಂದೊಂದು ಅಂಕಿ ಇರುತ್ತದೆ. 112, 114, 111, 113, 110 ಎಂದು ಪ್ರತಿ ಚಿತ್ರಕ್ಕೂ ದಿಕ್ಕು ತಪ್ಪಿ ಏರಿಳಿದರೆ ಅದು ಅಪರ್ಚರ್‌ನದು. 118, 117, 116 ಎಂದು ಹನ್ನೆರಡು ಚಿತ್ರಗಳಲ್ಲಿ 107ಕ್ಕೆ ಇಳಿದು ಒಮ್ಮೆಗೇ 118ಕ್ಕೆ ನೆಗೆದರೆ ಗರಗಸದ ಹಲ್ಲಿನ ಆಕಾರ, ಅದು ಅಪರ್ಚರ್ ಪ್ರಯಾರಿಟಿಯ ಮೆಟ್ಟಿಲು. 60, 80 ಚಿತ್ರಗಳುದ್ದಕ್ಕೆ ನಿಧಾನವಾಗಿ ಇಳಿದು ಏರಿದರೆ ಮೋಡ ಸೂರ್ಯನಿಗೆ ಅಡ್ಡ ಬಂದದ್ದು. ಅದು ಫ್ಲಿಕರ್ ಅಲ್ಲ, ಅದನ್ನು ತೆಗೆಯಬಾರದು. ಆ ಸಂಜೆಯ ಜೀವವೇ ಅದರಲ್ಲಿದೆ.

ತೆಗೆಯುವ ಸಾಧನಗಳು: ಮೂರರಲ್ಲಿ ಯಾವುದು

ಖರ್ಚಿಲ್ಲದ್ದು ಎಫ್‌ಎಫ್‌ಎಂಪೆಗ್‌ನ `deflicker`. ಮೊದಲ ಕಮಾಂಡ್‌ನ `-vf` ಭಾಗವನ್ನು ಹೀಗೆ ಬದಲಿಸಿದರೆ ಸಾಕು:

```
-vf "scale=1920:-2,deflicker=size=25,crop=1920:1080"
```

`size` ಎಂದರೆ ಎಷ್ಟು ಚಿತ್ರಗಳ ಸರಾಸರಿ ತೆಗೆದು ಅದಕ್ಕೆ ಹೊಂದಿಸಬೇಕು ಎಂಬ ಅಂಕಿ. ಏನೂ ಕೊಡದಿದ್ದರೆ 5. ಅಪರ್ಚರ್‌ನ ಚಿಟಿಚಿಟಿಗೆ ಐದರಿಂದ ಹತ್ತು ಸಾಕು. ಆದರೆ ನಮ್ಮ ಗರಗಸದ ಹಲ್ಲು 12–13 ಚಿತ್ರ ಅಗಲವಿದೆ. ಐದರ ಸರಾಸರಿ ಹಲ್ಲಿನ ತುದಿಯನ್ನು ಮಾತ್ರ ತೇಯುತ್ತದೆ, ಮಿಡಿತ ಉಳಿಯುತ್ತದೆ. ಐದರಲ್ಲಿ ಓಡಿಸಿ ನೋಡಿ, ಹೋಗಲಿಲ್ಲವೆಂದು ಈ ಫಿಲ್ಟರನ್ನೇ ಕೈಬಿಟ್ಟವರು ಹಲವರು. ಪೂರ್ತಿ ಎರಡು ಹಲ್ಲು ಒಳಗೆ ಬೀಳುವಂತೆ 25 ಕೊಟ್ಟರೆ ಮಿಡಿತ ಸಮವಾಗುತ್ತದೆ. 129ರವರೆಗೂ ಏರಿಸಬಹುದು, ಆದರೆ ಅಷ್ಟು ಏರಿಸಿದರೆ ಮೋಡದ ನಿಜವಾದ ನೆರಳೂ ಸವೆದು ಹೋಗುತ್ತದೆ.

ಇದರ ಮಿತಿ ಎರಡು. ಇದು ಇಡೀ ಚಿತ್ರದ ಹೊಳಪನ್ನು ಒಂದೇ ಅಂಕಿಯಿಂದ ಗುಣಿಸುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಆಟೊ ವೈಟ್ ಬ್ಯಾಲೆನ್ಸ್‌ನಿಂದ ಆಕಾಶ ಒಮ್ಮೆ ನೀಲಿ ಒಮ್ಮೆ ಹಳದಿ ಆಗುತ್ತಿದ್ದರೆ ಹಾಗೇ ಉಳಿಯುತ್ತದೆ. ಇನ್ನೊಂದು, ಅದಕ್ಕೆ ಇಂಥ ಜಾಗವನ್ನೇ ನೋಡು ಎಂದು ಹೇಳಲು ಬರುವುದಿಲ್ಲ. ಕಪ್ಪು ಅಂಗಿಯವರೊಬ್ಬರು ಕ್ಯಾಮೆರಾ ಮುಂದೆ ಹತ್ತಿರದಲ್ಲೇ ಹಾದುಹೋದರೆ ಸರಾಸರಿ ಕುಸಿಯುತ್ತದೆ, ಅದನ್ನು ತುಂಬಲು ಫಿಲ್ಟರ್ ಆ ಚಿತ್ರದ ಆಕಾಶವನ್ನು ಬೆಳಗಿಸಿಬಿಡುತ್ತದೆ. ಇಲ್ಲದ ಫ್ಲಿಕರನ್ನು ಅದೇ ಹುಟ್ಟಿಸಿದಂತೆ.

ಎಲ್‌ಆರ್‌ಟೈಮ್‌ಲ್ಯಾಪ್ಸ್ ಇದಕ್ಕೆ ಬೇರೆ ಹಾದಿ ಹಿಡಿಯುತ್ತದೆ. ರಾ ಫೈಲ್‌ಗಳ ಶಟರ್ ಮತ್ತು ಐಎಸ್‌ಒ ದಾಖಲೆ ಓದಿ, ನೀವು ಬೆಟ್ಟದ ಮೇಲೆ ಇಳಿಸಿದ ಪ್ರತಿ ಮೆಟ್ಟಿಲಿಗೂ ತಕ್ಕ ಇಳಿಜಾರನ್ನು ಫೋಟೋಗಳ ಎಕ್ಸ್‌ಪೋಶರ್ ಅಂಕಿಯಲ್ಲೇ ಬರೆಯುತ್ತದೆ. ಆಕಾಶದ ಒಂದು ಚೌಕವನ್ನು ಗುರುತು ಮಾಡಿ ಅದನ್ನೇ ಆಧಾರವಾಗಿಟ್ಟು ಉಳಿದ ಮಿನುಗು ತೆಗೆಯುತ್ತದೆ. ಮೆಟ್ಟಿಲುಗಳ ಸಂಜೆಗೆ ಇದರ ಫಲಿತಾಂಶವೇ ಮೇಲು. ಕಾರಣ, ತಿದ್ದುಪಡಿ ನಡೆಯುವುದು ರಾ ಮೇಲೆ, ಎಂಟು ಬಿಟ್‌ನ ಜೆಪೆಗ್ ಮೇಲೆ ಅಲ್ಲ. ಜೆಪೆಗ್ ಆಕಾಶವನ್ನು ಹೆಚ್ಚು ಎಳೆದಾಡಿದರೆ ನೀಲಿಯಲ್ಲಿ ಪಟ್ಟೆಗಳು ಏಳುತ್ತವೆ. ಇದನ್ನು ಸಾಮಾನ್ಯವಾಗಿ ಲೈಟ್‌ರೂಮ್ ಕ್ಲಾಸಿಕ್ ಜೊತೆ ಬಳಸುತ್ತಾರೆ, ಅದಕ್ಕೆ ತಿಂಗಳ ಬಾಡಿಗೆ. ಎಲ್‌ಆರ್‌ಟೈಮ್‌ಲ್ಯಾಪ್ಸ್‌ನ ಉಚಿತ ಆವೃತ್ತಿಯಲ್ಲಿ ಒಂದು ಸರಣಿಗೆ ಇಷ್ಟೇ ಚಿತ್ರವೆಂಬ ಮಿತಿ ಇರುವುದರಿಂದ, 720 ಚಿತ್ರದ ಸರಣಿಗೆ ಕೂರುವ ಮುಂಚೆ ಆ ಮಿತಿ ನೋಡಿಕೊಳ್ಳಿ.

ದಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಫೋಟೋ ಸಾಲನ್ನು ಒಂದೇ ಕ್ಲಿಪ್ ಎಂದು ತಾನೇ ಗುರುತಿಸುತ್ತದೆ, ಬಣ್ಣ ತಿದ್ದಲು ಬಹಳ ಒಳ್ಳೆಯದು. ಆದರೆ ಅದರ `Deflicker` ಇರುವುದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಗೆ, ಉಚಿತದಲ್ಲಿ ಹಾಕಿದರೆ ವಿಡಿಯೊ ಮೇಲೆ ಗುರುತು ಬೀಳುತ್ತದೆ. ಸ್ಟುಡಿಯೊ ಮೊದಲೇ ಇರುವವರು `Time Lapse` ಆರಿಸಿ ನೋಡಬಹುದು. ಇದಕ್ಕಾಗಿಯೇ ಕೊಳ್ಳುವ ಅಗತ್ಯವಿಲ್ಲ. ಒಂದು ಎಚ್ಚರ: ಟೈಮ್‌ಲೈನ್‌ನಲ್ಲಿ ಕ್ಲಿಪ್ ಇಟ್ಟ ಮೇಲೆ ಆ ಟೈಮ್‌ಲೈನ್‌ನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ, ಅದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಹಾಗಾದರೆ: ಜೆಪೆಗ್‌ನಲ್ಲಿ, ಅಪರ್ಚರ್ ಪ್ರಯಾರಿಟಿಯಲ್ಲಿ ತೆಗೆದಿದ್ದರೆ `deflicker`, ಹಲ್ಲಿನ ಅಗಲ ಎಣಿಸಿ ಅದರ ಎರಡರಷ್ಟು `size`. ರಾ ಫೈಲ್‌ನಲ್ಲಿ ಕೈಯಿಂದ ಮೆಟ್ಟಿಲು ಇಳಿಸಿದ್ದರೆ ಎಲ್‌ಆರ್‌ಟೈಮ್‌ಲ್ಯಾಪ್ಸ್. ಸ್ಥಿರ ಮ್ಯಾನುಯಲ್‌ನಲ್ಲಿ, ಪೂರ್ತಿ ತೆರೆದ ಲೆನ್ಸ್‌ನಲ್ಲಿ ತೆಗೆದಿದ್ದರೆ ಏನೂ ಬೇಡ, ಫಿಲ್ಟರ್ ಹಾಕಿದರೆ ಕೆಡುವುದೇ ಹೆಚ್ಚು.

ಯಾವ ಸಾಧನವೂ ನೆರವಾಗದ ಎರಡು ಸಂದರ್ಭ

ಏಪ್ರಿಲ್, ಮೇ ಸಂಜೆ ಬಳ್ಳಾರಿ ಸೀಮೆಯಲ್ಲಿ ಮಳೆಮೋಡ ಕಟ್ಟಿ ಮಿಂಚುತ್ತದಲ್ಲ, ಆ ಸರಣಿಗೆ ಸರಾಸರಿ ಆಧಾರದ ಫಿಲ್ಟರ್ ಹಾಕಲೇಬೇಡಿ. ಮಿಂಚಿದ ಚಿತ್ರವನ್ನು ಅದು ಸುತ್ತಲಿನ ಕತ್ತಲೆಗೆ ಹೊಂದಿಸಿ ಮಂಕಾಗಿಸುತ್ತದೆ, ಮಿಂಚಿಲ್ಲದ ನೆರೆಯ ಚಿತ್ರಗಳನ್ನು ಸುಮ್ಮನೆ ಬೆಳಗಿಸುತ್ತದೆ. `mode=median` ಕೊಟ್ಟರೆ ನೆರೆಯವು ಉಳಿದಾವು, ಮಿಂಚು ಮಾತ್ರ ಸಾಯುತ್ತದೆ. ಸ್ಥಿರ ಮ್ಯಾನುಯಲ್ ಒಂದೇ ದಾರಿ.

ಇನ್ನೊಂದು ರಾತ್ರಿಯ ವಿದ್ಯುತ್ ದೀಪ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಅಂಗಡಿ ಸಾಲನ್ನು ದೀಪದ ಬೆಳಕಲ್ಲಿ ತೆಗೆಯುವಾಗ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತಿರುತ್ತವೆ. ಶಟರ್ 1/250 ಇದ್ದರೆ ಒಂದು ಫೋಟೋಗೆ ಏರು ಸಿಗುತ್ತದೆ, ಮತ್ತೊಂದಕ್ಕೆ ಇಳಿತ. ಎಲೆಕ್ಟ್ರಾನಿಕ್ ಶಟರ್ ಆದರೆ ಒಂದೇ ಫೋಟೋದಲ್ಲಿ ಅಡ್ಡ ಪಟ್ಟೆಗಳು. ಅಕ್ಕಪಕ್ಕದ ಅಂಗಡಿಗಳ ದೀಪ ಬೇರೆ ಬೇರೆ ಫೇಸ್‌ನಲ್ಲಿದ್ದರೆ ಒಂದು ಬೆಳಗುವಾಗ ಇನ್ನೊಂದು ಮಂಕಾಗುತ್ತದೆ. ಇಡೀ ಚಿತ್ರದ ಸರಾಸರಿ ಆಗ ಹೆಚ್ಚು ಬದಲಾಗುವುದೇ ಇಲ್ಲ, ಫಿಲ್ಟರ್‌ಗೆ ತಪ್ಪು ಕಾಣಿಸುವುದೂ ಇಲ್ಲ. ಶಟರನ್ನು 1/100, 1/50 ಅಥವಾ 1/25ಕ್ಕೆ ಇಡಿ. ಆಗ ಪ್ರತಿ ಫೋಟೋಗೂ ಪೂರ್ತಿ ಏರಿಳಿತ ಸಿಗುತ್ತದೆ, ಪಟ್ಟೆಯೂ ಮಿನುಗೂ ಹುಟ್ಟುವುದಿಲ್ಲ. ಜನ ಓಡಾಡುವ ಜಾಗಕ್ಕೆ ಅಂತರ ಒಂದೆರಡು ಸೆಕೆಂಡು ಸಾಕು. ಜನ ಕಡ್ಡಿಯಂತೆ ಚಿಮ್ಮದೆ ಹರಿದಂತೆ ಕಾಣಬೇಕೆಂದರೆ ಶಟರನ್ನು ಅರ್ಧ ಸೆಕೆಂಡಿಗೆ ಇಳಿಸಿ, ಅದೂ 1/100ರ ಪೂರ್ಣ ಗುಣಕವೇ. ಅಷ್ಟು ದೀರ್ಘ ಶಟರ್‌ನಲ್ಲಿ ದೀಪದ ಏರಿಳಿತ ಲೆಕ್ಕಕ್ಕೇ ಬರುವುದಿಲ್ಲ.